ಮೊದಲು ಅಕ್ಷರ, ಆಮೇಲೆ ಅಂಕಿ: ಕೈಬರಹದ ಚೆಕ್ಕು, ಚಲನ್ ತಾಳೆ ನೋಡುವ ಬಗೆ

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಸೀಸನ್ ಶುರುವಾದರೆ ಚೆಕ್ಕುಗಳ ಓಡಾಟವೂ ಜಾಸ್ತಿಯಾಗುತ್ತದೆ. ಫೋನಿನಲ್ಲಿ ದುಡ್ಡು ಹಾಕುವುದು ಎಷ್ಟೇ ರೂಢಿಯಾಗಿದ್ದರೂ, ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯ ಎಷ್ಟೋ ಅಂಗಡಿಯವರು ಈಗಲೂ ಕೈಯಲ್ಲೇ ಚೆಕ್ ಬರೆದು ಕೊಡುತ್ತಾರೆ. ಮಂಡಿಯ ಲೆಕ್ಕ ನೋಡುವವರು ಸಂಜೆ ಹೊತ್ತಿಗೆ ಅವನ್ನೆಲ್ಲ ಒಟ್ಟು ಮಾಡಿ, ಒಂದು ಚಲನ್ ತುಂಬಿ, ಬೆಳಗ್ಗೆ ಬ್ಯಾಂಕಿಗೆ ಕಟ್ಟುತ್ತಾರೆ. ನಾನೂ ಅದೇ ಕೆಲಸದವನು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಕೂಡುವ ತಪ್ಪು ಕಡಿಮೆ, ಓದುವ ತಪ್ಪೇ ಜಾಸ್ತಿ. 7 ಇದ್ದದ್ದನ್ನು 1 ಅಂತ ಓದುತ್ತೇವೆ. ಕ್ಯಾಲ್ಕುಲೇಟರ್ ಪಾಪ, ನಾವು ಒತ್ತಿದ್ದನ್ನು ಸರಿಯಾಗಿಯೇ ಕೂಡಿಕೊಡುತ್ತದೆ.

ಇದನ್ನು ಹಿಡಿಯಲು ಬೇಕಾದ ಸಾಧನ ಚೆಕ್ಕಿನ ಮೇಲೇ ಇದೆ. ಮೊತ್ತವನ್ನು ಅಕ್ಷರದಲ್ಲೂ ಬರೆದಿರುತ್ತಾರೆ. ಆದರೆ ಆ ಸಾಲನ್ನು ನಾವು ಓದುವ ರೀತಿ ಸರಿಯಿಲ್ಲ. ಮೊದಲು ಬಲಗಡೆಯ ಚೌಕದಲ್ಲಿರುವ ಅಂಕಿ ನೋಡುತ್ತೇವೆ. 41,350 ಅಂತ ಮನಸ್ಸಿಗೆ ಬಂದುಬಿಡುತ್ತದೆ. ಆಮೇಲೆ ಅಕ್ಷರದ ಸಾಲಿನ ಮೇಲೆ ಸುಮ್ನೆ ಕಣ್ಣಾಡಿಸುತ್ತೇವೆ. ‘ನಲವತ್ತ...’ ಅಂತ ಕಂಡ ಕೂಡಲೇ ‘ಹೌದು, ನಲವತ್ತೊಂದು, ಸರಿ’ ಅಂತ ಮುಂದಕ್ಕೆ ಹೋಗುತ್ತೇವೆ. ಅಲ್ಲಿ ‘ನಲವತ್ತೇಳು’ ಅಂತ ಬರೆದಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಅಂಕಿ ತಲೆಗೆ ಹೋದ ಮೇಲೆ ಅಕ್ಷರವನ್ನು ನಿಜವಾಗಿ ಓದುವುದು ಕಷ್ಟ. ಹಾಗಾಗಿ ಇಡೀ ಕ್ರಮ ಒಂದೇ ನಿಯಮದ ಮೇಲೆ ನಿಂತಿದೆ: ಅಂಕಿಯನ್ನು ಮುಚ್ಚಿ, ಅಕ್ಷರವನ್ನು ಓದಿ, ಅಕ್ಷರದಿಂದ ಅಂಕಿಯನ್ನು ನೀವೇ ಬರೆದುಕೊಳ್ಳಿ. ಚೌಕ ನೋಡುವುದು ಆಮೇಲೆ.

ಅಂಕಿ ಮುಚ್ಚಿ ಓದುವುದು

ಚಲನ್ ಪುಸ್ತಕವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಬಿಳಿ ಚೀಟಿ ತೆಗೆದುಕೊಂಡು ಅದರಲ್ಲಿ ನಾಲ್ಕು ಮನೆಗಳನ್ನು ಗೀಟು ಹಾಕಿ: ಲಕ್ಷ, ಸಾವಿರ, ನೂರು, ಬಿಡಿ. ಲಕ್ಷದ ಮನೆಯಲ್ಲಿ ಎರಡು ಅಂಕಿ, ಸಾವಿರದ ಮನೆಯಲ್ಲಿ ಎರಡು ಅಂಕಿ, ನೂರರ ಮನೆಯಲ್ಲಿ ಒಂದೇ ಅಂಕಿ, ಬಿಡಿಯ ಮನೆಯಲ್ಲಿ ಎರಡು ಅಂಕಿ. ಯಾವ ಮನೆಯೂ ಖಾಲಿ ಇರಬಾರದು.

ಈಗ ಚೆಕ್ಕಿನ ಬಲಗಡೆ, ಮೊತ್ತದ ಚೌಕದ ಮೇಲೆ ಹೆಬ್ಬೆರಳಿಡಿ, ಇಲ್ಲವೇ ಒಂದು ಚೀಟಿ ಮುಚ್ಚಿ. ಅಕ್ಷರದ ಸಾಲನ್ನು ಬಾಯಿ ಬಿಟ್ಟು ಓದಿ. ಓದುತ್ತಾ ಮನೆಗಳನ್ನು ತುಂಬಿ. ‘ನಲವತ್ತೇಳು ಸಾವಿರದ ಮುನ್ನೂರ ಐವತ್ತು ಮಾತ್ರ’ ಅಂತಿದ್ದರೆ ಲಕ್ಷಕ್ಕೆ 00, ಸಾವಿರಕ್ಕೆ 47, ನೂರಕ್ಕೆ 3, ಬಿಡಿಗೆ 50. ಬೆರಳು ತೆಗೆಯಿರಿ. ಈಗ ಚೌಕದೊಳಗಿನ ಅಂಕಿಯನ್ನು ನಿಮ್ಮ ಚೀಟಿಯ ಜೊತೆ ಒಂದೊಂದಾಗಿ ಹೋಲಿಸಿ.

ಮನೆ ಹಾಕುವುದು ಸುಮ್ನೆ ಅಲ್ಲ. ಮಾತಿನಲ್ಲಿ ಸೊನ್ನೆಗೆ ಜಾಗವಿಲ್ಲ, ಅಲ್ವಾ? ‘ನಲವತ್ತು ಸಾವಿರದ ಐವತ್ತು’ ಅನ್ನುವಾಗ ನೂರರ ಜಾಗ ಖಾಲಿ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅವಸರದಲ್ಲಿ ಅದು ಕೆಲವರ ಕೈಯಲ್ಲಿ 40,500 ಆಗುತ್ತದೆ, ಇನ್ನು ಕೆಲವರ ಕೈಯಲ್ಲಿ 4,050 ಆಗುತ್ತದೆ. ಮನೆಗಳಿದ್ದರೆ ನೂರರ ಮನೆ ಖಾಲಿ ಕಾಣುತ್ತದೆ, ಅಲ್ಲಿ 0 ಬೀಳುತ್ತದೆ, ಮೊತ್ತ 40,050 ಆಗಿ ಸರಿಯಾಗಿ ಕೂರುತ್ತದೆ. ‘ಒಂದು ಲಕ್ಷದ ಐದು ಸಾವಿರ’ವೂ ಹಾಗೆಯೇ. ಲಕ್ಷಕ್ಕೆ 01, ಸಾವಿರಕ್ಕೆ 05, ನೂರಕ್ಕೆ 0, ಬಿಡಿಗೆ 00. ಚೆಕ್ಕಿನಲ್ಲಿ ಕಾಮಾ ಇಲ್ಲದೆ 150000 ಅಂತ ಬರೆದಿದ್ದರೆ ಇಲ್ಲೇ ಗೊತ್ತಾಗಿಬಿಡುತ್ತದೆ.

ಅಭ್ಯಾಸವಾದ ಮೇಲೆ ಗೀಟು ಬೇಕಾಗುವುದಿಲ್ಲ. ಆದರೆ ಲಕ್ಷ ದಾಟಿದ ಚೆಕ್ಕಿಗೆ ಮನೆ ಹಾಕುವುದನ್ನು ಬಿಡಬೇಡಿ.

ಯಾವ ಅಂಕಿ ಯಾವುದರ ಹಾಗೆ ಕಾಣುತ್ತದೆ

ಚೌಕದೊಳಗೆ ಮೋಸ ಮಾಡುವ ಜೋಡಿಗಳು ಹೆಚ್ಚಿಲ್ಲ. 1 ಮತ್ತು 7 ಮೊದಲನೆಯದು. ಕೆಲವರು 1ಕ್ಕೆ ಮೇಲೆ ಉದ್ದ ಮೂಗು ಹಾಕುತ್ತಾರೆ, ಅದು 7ರ ಹಾಗೆ ಕಾಣುತ್ತದೆ. ಕೆಲವರ 7ಕ್ಕೆ ಮೇಲಿನ ಗೆರೆಯೇ ಇರುವುದಿಲ್ಲ. 0 ಮತ್ತು 6 ಇನ್ನೊಂದು ಜೋಡಿ. ಸೊನ್ನೆಯನ್ನು ಮೇಲಿನಿಂದ ಬಾಲ ಎಳೆದು ಶುರು ಮಾಡುವವರಿದ್ದಾರೆ. 3 ಮತ್ತು 8, 4 ಮತ್ತು 9 ಕೂಡ ಹೀಗೆಯೇ. 4ರ ತಲೆ ಕೂಡಿಕೊಂಡರೆ ಅದು 9.

ಕನ್ನಡದಲ್ಲಿ ಚೆಕ್ ಬರೆಯುವವರೂ ಇದ್ದಾರೆ. ಇಂಗ್ಲಿಷ್, ಹಿಂದಿಯ ಹಾಗೆ ಆಯಾ ರಾಜ್ಯದ ಭಾಷೆಯಲ್ಲೂ ಗ್ರಾಹಕರು ಚೆಕ್ ಬರೆಯಬಹುದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ, ಹಾಗಾಗಿ ಅದರಲ್ಲಿ ತಪ್ಪೇನಿಲ್ಲ. ಆದರೆ ಕನ್ನಡ ಅಂಕಿ ಬಳಸಿದ್ದರೆ ಎರಡು ಕಡೆ ನಿಂತು ನೋಡಿ. ೧ರ ಕೆಳಗಿನ ಬಾಯಿ ಮುಚ್ಚಿಕೊಂಡರೆ ಅದು ೦ ಆಗಿಬಿಡುತ್ತದೆ. ೬ ಮತ್ತು ೯ ಅವಸರದ ಕೈಬರಹದಲ್ಲಿ ಒಂದೇ ಥರ ಕಾಣುತ್ತವೆ. ಕನ್ನಡ ಅಂಕಿಯ ಚೆಕ್ಕು ಬಂದರೆ ಅಕ್ಷರ ಓದದೆ ಚಲನ್ ತುಂಬಲೇಬೇಡಿ ಅನ್ನುವುದು ನನ್ನ ಮಾತು. ಈಗಿನ ಹುಡುಗರಿಗೆ ಆ ಅಂಕಿಗಳ ಬಳಕೆಯೇ ತಪ್ಪಿಹೋಗಿದೆ.

ಅಂಕಿಗಳ ಸುತ್ತ ಇರುವ ಗುರುತುಗಳೂ ಕಾಟ ಕೊಡುತ್ತವೆ. ಮೊತ್ತದ ಕೊನೆಗೆ ಎಳೆಯುವ /- ಗುರುತಿನ ಓರೆಗೆರೆ ನೆಟ್ಟಗಾದರೆ 1ರ ಹಾಗೆ ನಿಲ್ಲುತ್ತದೆ, 9240/- ಅನ್ನುವುದು 92401 ಆಗುತ್ತದೆ. 47350.00 ಅಂತ ಪೈಸೆ ಸಮೇತ ಬರೆದಾಗ ಚುಕ್ಕಿ ಮಸುಕಾದರೆ ಅದು ನಲವತ್ತೇಳು ಲಕ್ಷದ ಮೂವತ್ತೈದು ಸಾವಿರ. ಅಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬೀಳುತ್ತದೆ ಬಿಡಿ. ಕಣ್ಣಿಗೆ ಬೀಳದಿರುವುದು ನಡುವಿನ ಒಂದು ಅಂಕಿಯ ತಪ್ಪು.

ಅಕ್ಷರವೂ ಒಮ್ಮೊಮ್ಮೆ ತಪ್ಪು ಓದಿಸುತ್ತದೆ

ಅಕ್ಷರ ಓದಿದ ಕೂಡಲೇ ಎಲ್ಲ ಸರಿಯಾಯಿತು ಅಂತಲ್ಲ. ಕನ್ನಡದಲ್ಲಿ ಇಪ್ಪತ್ತು ಮತ್ತು ಎಪ್ಪತ್ತರ ನಡುವೆ ಮೊದಲ ಅಕ್ಷರ ಒಂದೇ ಬೇರೆ. ಗೀಚಿ ಬರೆದ ಇ ಮತ್ತು ಎ ಬೇರೆ ಮಾಡುವುದು ಕಷ್ಟ. ಅದರ ಪಕ್ಕದಲ್ಲೇ ಎಂಬತ್ತು ಇದೆ. ಎಪ್ಪತ್ತು ಮತ್ತು ಎಂಬತ್ತು ಬರಹದಲ್ಲಿ ಸ್ವಲ್ಪ ಹತ್ತಿರ, ಫೋನಿನಲ್ಲಿ ಕೇಳುವಾಗ ತುಂಬಾ ಹತ್ತಿರ. ಇನ್ನೂರು ಮತ್ತು ಮುನ್ನೂರು ಕೂಡ ಮೊದಲ ಅಕ್ಷರ ಮಸುಕಾದರೆ ಒಂದೇ ಥರ.

ಇಂಗ್ಲಿಷಿನಲ್ಲಿ ಬರೆದ ಚೆಕ್ಕಿನಲ್ಲಿ ಬಾಲ ನೋಡಬೇಕು. ಸಿಕ್ಸ್‌ಟಿಯೋ ಸಿಕ್ಸ್‌ಟೀನೋ, ಫಿಫ್ಟಿಯೋ ಫಿಫ್ಟೀನೋ, ಸೆವೆಂಟಿಯೋ ಸೆವೆಂಟೀನೋ ಅನ್ನುವುದೆಲ್ಲ ಕೊನೆಯ ಎರಡು ಮೂರು ಅಕ್ಷರದಲ್ಲಿ ತೀರ್ಮಾನವಾಗುತ್ತದೆ. ಸಾಲು ತುಂಬಿ ಜಾಗ ಸಾಲದೆ ಹೋದಾಗ ಜನ ಚುಟುಕು ಮಾಡುವುದೂ ಆ ಕೊನೆಯ ಅಕ್ಷರಗಳನ್ನೇ.

ಒಂದು ಸಮಾಧಾನ ಏನೆಂದರೆ, ಅಂಕಿ ತಪ್ಪುವ ಜೋಡಿಗಳೇ ಬೇರೆ, ಅಕ್ಷರ ತಪ್ಪುವ ಜೋಡಿಗಳೇ ಬೇರೆ. 1 ಮತ್ತು 7 ಅಂಕಿಯಲ್ಲಿ ಒಂದೇ ಥರ ಕಾಣುತ್ತವೆ. ‘ಒಂದು’ ಮತ್ತು ‘ಏಳು’ ಬರಹದಲ್ಲಿ ಯಾವತ್ತೂ ಒಂದಾಗುವುದಿಲ್ಲ. ಇಪ್ಪತ್ತು ಮತ್ತು ಎಪ್ಪತ್ತು ಅಕ್ಷರದಲ್ಲಿ ಹತ್ತಿರ, ಅಂಕಿಯಲ್ಲಿ 2 ಮತ್ತು 7 ಅಷ್ಟು ಹತ್ತಿರವಲ್ಲ. ಎರಡನ್ನೂ ಬೇರೆ ಬೇರೆಯಾಗಿ ಓದಿದರೆ ಒಂದರ ತಪ್ಪನ್ನು ಇನ್ನೊಂದು ಹಿಡಿಯುವುದು ಇದೇ ಕಾರಣಕ್ಕೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದರೆ ಈ ಲಾಭವೇ ಇಲ್ಲ.

ಇಬ್ಬರಿದ್ದರೆ ಕೆಲಸ ಇನ್ನೂ ಸುಲಭ. ಒಬ್ಬರು ಅಕ್ಷರ ಓದಿ ಹೇಳುವುದು, ಇನ್ನೊಬ್ಬರು ಚೆಕ್ ನೋಡದೆ ಬರೆದುಕೊಳ್ಳುವುದು. ನಮ್ಮ ಮಂಡಿಯಲ್ಲಿ ಹೊಸದಾಗಿ ಬಂದ ಹುಡುಗರಿಗೆ ಹೀಗೇ ಕೇಳುವುದನ್ನು ಕಲಿಸಿದ್ದೇವೆ:

‘ಎಪ್ಪತ್ತಾರು ಸಾವಿರದ ನಾನ್ನೂರು ಅಣ್ಣ.’

‘ಏಳರ ಎಪ್ಪತ್ತಾ, ಎಂಟರ ಎಂಬತ್ತಾ?’

‘ಏಳರ ಎಪ್ಪತ್ತು. ಏಳು, ಆರು. ನೂರರ ಮನೆಗೆ ನಾಕು.’

ಹತ್ತರ ಸ್ಥಾನವನ್ನು ಹೀಗೆ ಬಿಡಿ ಅಂಕಿಯಾಗಿ ಮತ್ತೊಮ್ಮೆ ಹೇಳಿಸಿಕೊಂಡರೆ ಕಿವಿಯ ತಪ್ಪು ಅಲ್ಲೇ ಹೋಗುತ್ತದೆ. ಫೋನಿನಲ್ಲಿ ಮೊತ್ತ ಕೇಳಿ ಚೆಕ್ ಬರೆಯುವವರಿಗೂ ಇದೇ ಪ್ರಶ್ನೆ ಸಾಕು.

ನಾಲ್ಕು ಚೆಕ್ಕು, ಒಂದು ಚಲನ್

ಈಗ ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಸಂಜೆ ನಾಲ್ಕು ಚೆಕ್ಕು ಬಂದಿವೆ ಅಂತಿಟ್ಟುಕೊಳ್ಳಿ. ಅಕ್ಷರದಲ್ಲಿ ಹೀಗಿವೆ: ನಲವತ್ತೇಳು ಸಾವಿರದ ಮುನ್ನೂರ ಐವತ್ತು, ಹದಿನೆಂಟು ಸಾವಿರದ ಆರುನೂರು, ಅರವತ್ತಮೂರು ಸಾವಿರದ ಎಂಟುನೂರ ಇಪ್ಪತ್ತೈದು, ಒಂಬತ್ತು ಸಾವಿರದ ಇನ್ನೂರ ನಲವತ್ತು.

ಚಲನ್ ತುಂಬುವವರು ಚೌಕದ ಅಂಕಿ ನೋಡಿ ಬರೆದರು. ಮೊದಲ ಚೆಕ್ಕಿನ 7 ಅವರಿಗೆ 1ರ ಹಾಗೆ ಕಂಡಿತು. ಚಲನ್ನಿನಲ್ಲಿ 41,350, 18,600, 63,825, 9,240 ಅಂತ ಬಿತ್ತು. ಕೂಡಿದರೆ 1,33,015. ಮತ್ತೊಮ್ಮೆ ಕೂಡಿದರು, ಅಷ್ಟೇ ಬಂತು. ಮೂರನೇ ಸಲ ಕೂಡಿದರೂ ಅಷ್ಟೇ. ಬೇಕಾದರೆ ಹತ್ತು ಸಲ ಕೂಡಲಿ, ತಪ್ಪು ಸಿಗುವುದಿಲ್ಲ. ತಪ್ಪು ಅಂಕಿ ಒಳಗೆ ಹೋಗಿರುವುದು ಕೂಡುವುದಕ್ಕೂ ಮುಂಚೆ. ಚಲನ್ನಿನ ಒಟ್ಟು ತಾಳೆಯಾದ ಕೂಡಲೇ ಚೆಕ್ಕುಗಳೂ ಸರಿ ಅಂತ ತಿಳಿಯುವುದು ಎಲ್ಲರೂ ಮಾಡುವ ತಪ್ಪು.

ಅದಕ್ಕೇ ಎರಡು ಪಟ್ಟಿ ಬೇಕು. ಒಂದು ಪಟ್ಟಿ ಅಕ್ಷರ ಓದಿ ಬರೆದದ್ದು, ನಾಲ್ಕು ಮನೆಯ ಚೀಟಿ. ಅದರ ಒಟ್ಟು: 47,350, 18,600, 63,825, 9,240 ಸೇರಿ 1,39,015. ಇನ್ನೊಂದು ಅಂಕಿ ನೋಡಿ ಬರೆದ ಚಲನ್, ಅದರ ಒಟ್ಟು 1,33,015. ವ್ಯತ್ಯಾಸ 6,000. ಎರಡು ಒಟ್ಟು ಬೇರೆ ಬಂದದ್ದೇ ಒಳ್ಳೆಯದಾಯಿತು. ಈಗ ಎಲ್ಲಿ ಅಂತ ಹುಡುಕಬೇಕು.

ನಾಲ್ಕೇ ಚೆಕ್ಕಾದರೆ ಒಂದೊಂದಾಗಿ ಹೋಲಿಸಿದರೂ ಸಿಗುತ್ತದೆ. ಸೀಸನ್ನಿನಲ್ಲಿ ಇಪ್ಪತ್ತು, ಇಪ್ಪತ್ತೈದು ಚೆಕ್ಕು ಇರುವಾಗ ವ್ಯತ್ಯಾಸವೇ ದಾರಿ ತೋರಿಸುತ್ತದೆ. 6,000 ಅಂದರೆ ಸಾವಿರದ ಜಾಗದಲ್ಲಿ ಮಾತ್ರ 6ರಷ್ಟು ಏರುಪೇರು. ಅಲ್ಲಿಗೆ ಒಂದೇ ಅಂಕಿ ತಪ್ಪಾಗಿರುವ ಸಾಧ್ಯತೆ ಜಾಸ್ತಿ. ಚಲನ್ನಿನ ಒಟ್ಟು ಕಡಿಮೆ ಬಂದಿದೆ, ಹಾಗಾಗಿ ಸಾವಿರದ ಸ್ಥಾನದಲ್ಲಿ 6 ಕೂಡಿಸಿದರೂ ಒಂದೇ ಅಂಕಿಯಾಗಿ ಉಳಿಯುವ ಸಾಲುಗಳನ್ನು ಮಾತ್ರ ನೋಡಿ. 18,600ರಲ್ಲಿ ಆ ಜಾಗದಲ್ಲಿ 8 ಇದೆ, ಕೂಡಿಸಿದರೆ 14 ಆಗುತ್ತದೆ, ಅದು ಬೇಡ. 9,240ರಲ್ಲಿ 9 ಇದೆ, ಅದೂ ಬೇಡ. ಉಳಿದದ್ದು 41,350ರ 1 ಮತ್ತು 63,825ರ 3. ಏಳನ್ನು ಒಂದು ಅಂತ ಓದುವುದು ದಿನನಿತ್ಯದ ಮಾತು, ಒಂಬತ್ತನ್ನು ಮೂರು ಅಂತ ಓದುವುದು ಅಪರೂಪ. ಮೊದಲ ಚೆಕ್ಕನ್ನು ಎತ್ತಿ ಅಕ್ಷರ ನೋಡಿದರೆ ‘ನಲವತ್ತೇಳು’ ಅಂತಲೇ ಇದೆ. ಸಿಕ್ಕಿತು.

ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಲು ಕಷ್ಟವಿಲ್ಲ. ವ್ಯತ್ಯಾಸದಲ್ಲಿ 6 ಮತ್ತು ಬರೀ ಸೊನ್ನೆಗಳಿದ್ದರೆ (60, 600, 6,000) ಮೊದಲು 1-7 ಅಥವಾ 0-6 ಜೋಡಿ ಹುಡುಕಿ. 5 ಮತ್ತು ಸೊನ್ನೆಗಳಿದ್ದರೆ 3-8 ಅಥವಾ 4-9. ಕನ್ನಡ ಅಂಕಿಯ ಚೆಕ್ಕು ಇದ್ದು ವ್ಯತ್ಯಾಸ 3 ಮತ್ತು ಸೊನ್ನೆಗಳಾದರೆ ೬-೯ ಇರಬಹುದು.

ಇನ್ನೊಂದು ಥರದ ತಪ್ಪಿದೆ, ಅದು ಅಂಕಿಗಳು ಹಿಂದು ಮುಂದಾಗುವುದು. 63,825 ಅನ್ನು 63,285 ಅಂತ ಬರೆದರೆ ವ್ಯತ್ಯಾಸ 540. ಇಂಥ ತಪ್ಪಿನ ವ್ಯತ್ಯಾಸ ಯಾವಾಗಲೂ 9ರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 540ನ್ನು 9ರಿಂದ ಭಾಗಿಸಿದರೆ 60. ಅದರಲ್ಲಿರುವ 6, ಅದಲುಬದಲಾದ ಎರಡು ಅಂಕಿಗಳ ನಡುವಿನ ಅಂತರ. ಅದರ ಹಿಂದಿನ ಒಂದು ಸೊನ್ನೆ, ತಪ್ಪು ಆಗಿರುವುದು ನೂರು ಮತ್ತು ಹತ್ತರ ಸ್ಥಾನಗಳ ನಡುವೆ ಅಂತ ಹೇಳುತ್ತದೆ. ಆ ಎರಡು ಸ್ಥಾನದಲ್ಲಿ 6 ಅಂತರವಿರುವ ಸಾಲು ಹುಡುಕಿದರೆ 8 ಮತ್ತು 2 ಸಿಗುತ್ತವೆ. ಸೊನ್ನೆ ಬಿಟ್ಟುಹೋಗಿ 4,500 ಇದ್ದದ್ದು 450 ಆದರೂ ವ್ಯತ್ಯಾಸ 4,050, ಅದೂ 9ರಿಂದ ಭಾಗವಾಗುತ್ತದೆ. ಆದರೆ ಒಂದೇ ಚಲನ್ನಿನಲ್ಲಿ ಎರಡು ತಪ್ಪು ಬೆರೆತಿದ್ದರೆ ಈ ಗುರುತುಗಳು ಕೆಲಸ ಮಾಡುವುದಿಲ್ಲ. ಆಗ ಒಂದೊಂದೇ ಚೆಕ್ಕು ಎತ್ತಿ ನೋಡುವುದೇ ದಾರಿ.

ಚಲನ್ನಿನಲ್ಲಿ ತಪ್ಪು ಸಿಕ್ಕರೆ ತಿದ್ದುತ್ತಾ ಕೂರಬೇಡಿ. ಹೊಸ ಚಲನ್ ಬರೆಯಿರಿ, ಕೌಂಟರ್ ಫಾಯಿಲ್ ಕೂಡ ಹೊಸದು. 1ರ ಮೇಲೆ 7 ತಿದ್ದಿದ ಚಲನ್ ಕೌಂಟರಿನವರಿಗೂ ಅದೇ ಗೊಂದಲ ಕೊಡುತ್ತದೆ. ಚಲನ್ನಿನ ಒಟ್ಟನ್ನು ಅಕ್ಷರದಲ್ಲಿ ಬರೆಯುವ ಸಾಲನ್ನು ನಿಮ್ಮ ಚೀಟಿಯ ಒಟ್ಟು ನೋಡಿ ತುಂಬಿ. ಚಲನ್ನಿನ ಅಂಕಿಯನ್ನೇ ನೋಡಿ ಅಕ್ಷರ ಬರೆದರೆ ತಪ್ಪು ಎರಡು ಕಡೆಯೂ ಒಂದೇ ಥರ ಕೂತುಬಿಡುತ್ತದೆ.

ನಗದು ಕಟ್ಟುವ ಚಲನ್ನಿಗೂ ಇದೇ ಮಾತು. ನೋಟಿನ ಲೆಕ್ಕ (500ರ ನೋಟು ಎಷ್ಟು, 200ರದ್ದು ಎಷ್ಟು) ಗುಣಿಸಿ ಬಂದ ಒಟ್ಟನ್ನು ಮೊದಲು ಅಕ್ಷರದಲ್ಲಿ ಬರೆದು, ಆಮೇಲೆ ಅಂಕಿ ತುಂಬಿ.

ಅಕ್ಷರದ ಕಾವಲು ಇಲ್ಲದ ಎರಡು ಜಾಗ ಚಲನ್ನಿನಲ್ಲಿದೆ: ಖಾತೆ ಸಂಖ್ಯೆ ಮತ್ತು ಚೆಕ್ ಸಂಖ್ಯೆ. ಖಾತೆ ಸಂಖ್ಯೆಯನ್ನು ಹಳೆಯ ಚಲನ್ ನೋಡಿ ಬರೆಯದೆ ಪಾಸ್‌ಬುಕ್ ನೋಡಿ ಬರೆಯಿರಿ, ನಾಲ್ಕು ನಾಲ್ಕು ಅಂಕಿ ಮಾಡಿ ಹೋಲಿಸಿ. ಚೆಕ್ ಸಂಖ್ಯೆ ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ ಮೊದಲ ಆರು ಅಂಕಿಯಾಗಿ ಅಚ್ಚಾಗಿರುತ್ತದೆ. ಅದು ಅಚ್ಚು, ಕೈಬರಹದ ಗೊಂದಲ ಅಲ್ಲಿಲ್ಲ.

ಚೆಕ್ಕಿನಲ್ಲೇ ಅಂಕಿ, ಅಕ್ಷರ ಬೇರೆಯಾದರೆ

ಇಲ್ಲಿಯವರೆಗೆ ಹೇಳಿದ್ದು ಚೆಕ್ ಸರಿಯಿದ್ದು ನಾವು ತಪ್ಪು ಓದಿದ ವಿಷಯ. ಒಮ್ಮೊಮ್ಮೆ ಚೆಕ್ಕೇ ತಪ್ಪಿರುತ್ತದೆ. ಚೌಕದಲ್ಲಿ ಸ್ಪಷ್ಟವಾಗಿ 41,350, ಸಾಲಿನಲ್ಲಿ ಸ್ಪಷ್ಟವಾಗಿ ನಲವತ್ತೇಳು ಸಾವಿರದ ಮುನ್ನೂರ ಐವತ್ತು.

1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಂಕಿ ಮತ್ತು ಅಕ್ಷರ ಬೇರೆಯಾದರೆ ಅಕ್ಷರದಲ್ಲಿ ಬರೆದ ಮೊತ್ತವೇ ಸರಿಯಾದ ಮೊತ್ತ. ಕಾನೂನು ಅಕ್ಷರದ ಕಡೆಗಿದೆ. ಇದನ್ನು ಕೇಳಿದ ಎಷ್ಟೋ ಜನ ‘ಹಾಗಾದರೆ ಕಟ್ಟಿಬಿಡೋಣ, ಅಕ್ಷರದ ಪ್ರಕಾರ ದುಡ್ಡು ಬರುತ್ತದೆ’ ಅನ್ನುತ್ತಾರೆ. ಆದರೆ ಕೌಂಟರಿನಲ್ಲಿ ನಡೆಯುವುದು ಬೇರೆ. ಇಂಥ ಚೆಕ್ಕನ್ನು ಬ್ಯಾಂಕುಗಳು ಸಾಮಾನ್ಯವಾಗಿ ‘ಅಂಕಿ ಮತ್ತು ಅಕ್ಷರದ ಮೊತ್ತ ಬೇರೆ’ ಅಂತ ಕಾರಣ ಬರೆದು ವಾಪಸ್ ಮಾಡುತ್ತವೆ. ವಾಪಸ್ ಚಾರ್ಜ್ ಬೀಳಬಹುದು. ಅದಕ್ಕಿಂತ ಹೆಚ್ಚಾಗಿ ದಿನಗಳು ಹಾಳಾಗುತ್ತವೆ, ರೈತರಿಗೆ ಕೊಡಬೇಕಾದ ದುಡ್ಡು ನಿಲ್ಲುತ್ತದೆ. ಅದಕ್ಕೆ ಇಂಥ ಚೆಕ್ಕನ್ನು ಕಟ್ಟಲೇಬೇಡಿ. ಕೊಟ್ಟವರಿಗೆ ಫೋನ್ ಮಾಡಿ, ಬೇರೆ ಹಾಳೆಯಲ್ಲಿ ಬರೆಸಿಕೊಳ್ಳಿ.

ತಿದ್ದಿಸಿ ಸಹಿ ಹಾಕಿಸಿದರೆ ಆಗುವುದಿಲ್ಲವೇ? ಹಿಂದೆ ಆಗುತ್ತಿತ್ತು. ಈಗ ಚೆಕ್ಕಿನ ಕಾಗದ ನಾವು ಕಟ್ಟಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ಕೊಟ್ಟವರ ಬ್ಯಾಂಕಿಗೆ ಹೋಗುವುದು ಅದರ ಚಿತ್ರ ಮಾತ್ರ. ಸಿಟಿಎಸ್ ಅನ್ನುವುದು ಇದನ್ನೇ. ಹೀಗೆ ಹೋಗುವ ಚೆಕ್ಕಿನಲ್ಲಿ ದಿನಾಂಕಕ್ಕೆ ಮತ್ತೆ ಚಾಲ್ತಿ ಕೊಡುವುದು ಬಿಟ್ಟರೆ ಬೇರೆ ಯಾವ ತಿದ್ದುಪಡಿಯನ್ನೂ ರಿಸರ್ವ್ ಬ್ಯಾಂಕ್ ಒಪ್ಪುವುದಿಲ್ಲ. ಹೆಸರಿಗಾಗಲಿ, ಅಂಕಿಗಾಗಲಿ, ಅಕ್ಷರಕ್ಕಾಗಲಿ ತಿದ್ದುಪಡಿ ಬೇಕಾದರೆ ಹೊಸ ಹಾಳೆಯೇ ಆಗಬೇಕು. ಪಕ್ಕದಲ್ಲಿ ಸಹಿ ಹಾಕಿದರೂ ಅಷ್ಟೇ.

ಚಿತ್ರ ಹೋಗುತ್ತದೆ ಅನ್ನುವುದರಿಂದ ಇನ್ನೊಂದು ತೊಂದರೆಯೂ ಇದೆ. ಕಾಗದದ ಮೇಲೆ ಬರಿಗಣ್ಣಿಗೆ ಕಾಣುವ ತೆಳು ಗೆರೆ ಚಿತ್ರದಲ್ಲಿ ಕಾಣದೆ ಹೋಗಬಹುದು. 7ರ ಮೇಲಿನ ಗೆರೆ ಮಸುಕಾಗಿದ್ದರೆ ಆ ಕಡೆಯವರಿಗೆ ಅದು 1. ಚೆಕ್ಕನ್ನು ಫೋನಿನಲ್ಲಿ ಫೋಟೊ ತೆಗೆದು ನೋಡಿ. ಫೋಟೊದಲ್ಲಿ ನಿಮಗೇ ಅನುಮಾನ ಬಂದರೆ ಆ ಕಡೆಯವರಿಗೂ ಬರುತ್ತದೆ.

ಇದೆಲ್ಲವನ್ನೂ ಕಟ್ಟುವ ಮೊದಲೇ ಮುಗಿಸಿ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳನ್ನು ದಿನಕ್ಕೊಂದು ಕಂತಿನಲ್ಲಿ ಕಳಿಸದೆ, ಬಂದ ಹಾಗೆ ಸ್ಕ್ಯಾನ್ ಮಾಡಿ ಕಳಿಸುವ ಪದ್ಧತಿ ಬಂದಿದೆ. ಬೆಳಗ್ಗೆ ಕಟ್ಟಿ ಮಧ್ಯಾಹ್ನ ನೆನಪಾಗಿ ಬ್ಯಾಂಕಿಗೆ ಓಡಿದರೆ ಚೆಕ್ಕು ಆಗಲೇ ಹೋಗಿರುತ್ತದೆ.

ಈ ಕ್ರಮ ಹಿಡಿಯದ ತಪ್ಪು

ಅಕ್ಷರ ಮತ್ತು ಅಂಕಿ ಎರಡೂ ಒಂದೇ ಥರ ತಪ್ಪಾಗಿದ್ದರೆ ಎಷ್ಟು ತಾಳೆ ನೋಡಿದರೂ ಗೊತ್ತಾಗುವುದಿಲ್ಲ. ಬಿಲ್ಲಿನಲ್ಲಿ 47,530 ಇದೆ, ಕೊಟ್ಟವರು 47,350 ಅಂತ ನೆನಪಿಟ್ಟುಕೊಂಡು ಚೌಕದಲ್ಲೂ ಸಾಲಿನಲ್ಲೂ ಅದನ್ನೇ ಬರೆದಿದ್ದಾರೆ. ಚೆಕ್ಕಿನ ಮಟ್ಟಿಗೆ ಅದು ಸರಿಯಾದ ಚೆಕ್ಕು, ಪಾಸಾಗುತ್ತದೆ. 180 ರೂಪಾಯಿ ಕಡಿಮೆ ಬಂದದ್ದು ವರ್ಷದ ಕೊನೆಗೆ ಲೆಕ್ಕ ಕೂಡಿಸುವಾಗ ಹೊರಗೆ ಬರುತ್ತದೆ. ಹಾಗಾಗಿ ಮೂರನೆಯ ಸಾಕ್ಷಿಯೂ ಬೇಕು: ನಿಮ್ಮ ಪಟ್ಟಿ ಅಥವಾ ಬಿಲ್ಲು. ಅಕ್ಷರದ ಚೀಟಿ ಸಿದ್ಧವಾದ ಮೇಲೆ ಅದನ್ನು ಬಿಲ್ಲಿನ ಮೊತ್ತದ ಜೊತೆಗೂ ಇಟ್ಟು ನೋಡಿ.

ಚೆಕ್ ಬರೆಯುವವರು ಈ ತಪ್ಪನ್ನು ಬೇರಿನಲ್ಲೇ ತಪ್ಪಿಸಬಹುದು. ಹೆಚ್ಚಿನವರು ಮೊದಲು ಚೌಕ ತುಂಬುತ್ತಾರೆ, ಆಮೇಲೆ ಅದನ್ನು ನೋಡಿ ಅಕ್ಷರ ಬರೆಯುತ್ತಾರೆ. ಇದನ್ನು ತಿರುಗಿಸಿ. ಬಿಲ್ಲು ಎದುರಿಗಿಟ್ಟುಕೊಂಡು ಮೊದಲು ಅಕ್ಷರ ಬರೆಯಿರಿ. ಆ ಅಕ್ಷರವನ್ನು ಓದಿಕೊಂಡು ಚೌಕ ತುಂಬಿ. ಕೊನೆಗೆ ಚೌಕದ ಅಂಕಿಯನ್ನು ಬಿಲ್ಲಿನ ಜೊತೆ ನೋಡಿ. ನಡುವೆ ಎಲ್ಲಿ ತಪ್ಪಿದರೂ ಕೊನೆಯ ಈ ನೋಟದಲ್ಲಿ ಸಿಕ್ಕಿಬೀಳುತ್ತದೆ.

ಅಕ್ಷರವನ್ನು ಪೂರ್ತಿ ಬರೆಯಿರಿ. ಬಾಯಿಮಾತಿನಲ್ಲಿ ‘ಒಂದೂವರೆ ಲಕ್ಷ’, ‘ಎರಡೂಕಾಲು ಸಾವಿರ’ ಅನ್ನುತ್ತೇವೆ, ಚೆಕ್ಕಿನಲ್ಲಿ ಅದು ಬೇಡ. ‘ಒಂದು ಲಕ್ಷದ ಐವತ್ತು ಸಾವಿರ’ ಅಂತಲೇ ಇರಲಿ. ಅವಸರದಲ್ಲಿ ‘ಸಾವಿರ’ ಅನ್ನುವ ಪದವೇ ಬಿಟ್ಟುಹೋಗುವುದುಂಟು, ‘ನಲವತ್ತೇಳು ಮುನ್ನೂರ ಐವತ್ತು’ ಅಂತ. ಇದೂ ವಾಪಸ್ ಬರುವ ಚೆಕ್ಕೇ. ಸಾಲಿನ ಎಡತುದಿಯಿಂದಲೇ ಶುರು ಮಾಡಿ, ಕೊನೆಗೆ ‘ಮಾತ್ರ’ ಬರೆದು ಗೆರೆ ಎಳೆಯಿರಿ. 7 ಬರೆಯುವಾಗ ನಡುವೆ ಒಂದು ಅಡ್ಡಗೆರೆ ಹಾಕುವ ರೂಢಿ ಒಳ್ಳೆಯದು. ಕಪ್ಪು ಅಥವಾ ದಟ್ಟ ನೀಲಿ ಶಾಯಿ ಇರಲಿ.

50,000 ರೂಪಾಯಿ ಅಥವಾ ಅದಕ್ಕಿಂತ ದೊಡ್ಡ ಚೆಕ್ ಕೊಡುವವರಿಗೆ ಇನ್ನೊಂದು ಜಾಗವಿದೆ. 2021ರ ಜನವರಿ 1ರಿಂದ ಬಂದಿರುವ ಪಾಸಿಟಿವ್ ಪೇ ವ್ಯವಸ್ಥೆಯಲ್ಲಿ ಚೆಕ್ಕಿನ ಸಂಖ್ಯೆ, ದಿನಾಂಕ, ಪಡೆಯುವವರ ಹೆಸರು, ಮೊತ್ತವನ್ನು ಬ್ಯಾಂಕಿಗೆ ಮೊದಲೇ ತಿಳಿಸಬಹುದು. 5 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ಚೆಕ್ಕಿಗೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಲೂಬಹುದು. ಆ್ಯಪಿನಲ್ಲಿ ಮೊತ್ತ ಒತ್ತುವಾಗ ಒಂದು ಅಂಕಿ ತಪ್ಪಿದರೆ, ಚೆಕ್ಕು ಸರಿಯಿದ್ದರೂ ತಾಳೆಯಾಗುವುದಿಲ್ಲ. ಅಲ್ಲಿಯೂ ಚೌಕ ನೋಡಿ ಒತ್ತಬೇಡಿ, ಚೆಕ್ಕಿನ ಅಕ್ಷರ ಓದಿ ಒತ್ತಿ.

ಕಟ್ಟಿದ ಮೇಲೆ

ಚೆಕ್ಕಿನ ಎರಡೂ ಬದಿಯ ಫೋಟೊ, ಅಕ್ಷರದ ಚೀಟಿ, ಸೀಲು ಬಿದ್ದ ಕೌಂಟರ್ ಫಾಯಿಲ್ ಮೂರನ್ನೂ ಒಂದೇ ಪಿನ್ನಿನಲ್ಲಿ ಇಟ್ಟುಕೊಳ್ಳಿ (ಫೋಟೊ ಫೋನಿನಲ್ಲಿದ್ದರೆ ಸಾಕು). ಡ್ರಾಪ್ ಬಾಕ್ಸಿಗೆ ಹಾಕಿದರೆ ಚೆಕ್ಕನ್ನೂ ಚಲನ್ನನ್ನೂ ನಿಮ್ಮೆದುರು ಯಾರೂ ಹೋಲಿಸಿ ನೋಡುವುದಿಲ್ಲ. ಮೊತ್ತ ದೊಡ್ಡದಿದ್ದರೆ ಕೌಂಟರಿನಲ್ಲೇ ಕೊಡಿ. ಕೌಂಟರಿನಲ್ಲಿ ಚೆಕ್ ಕೊಟ್ಟವರಿಗೆ ಸ್ವೀಕೃತಿ ಕೊಡಲು ಬ್ಯಾಂಕು ಇಲ್ಲ ಅನ್ನುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ಸೂಚನೆ.

ಖಾತೆಗೆ ದುಡ್ಡು ಬಿದ್ದ ಮೇಲೆ ಒಟ್ಟನ್ನು ಮಾತ್ರ ನೋಡಿ ಸುಮ್ಮನಾಗಬೇಡಿ. ಒಂದೊಂದು ಚೆಕ್ಕಿನ ಎದುರೂ ಬಿದ್ದ ಮೊತ್ತವನ್ನು ಅಕ್ಷರದ ಚೀಟಿಯ ಜೊತೆ ನೋಡಿ ಗುರುತು ಹಾಕಿ. 47,350ರ ಬದಲು 41,350 ಬಿದ್ದಿದ್ದರೆ ಅವತ್ತೇ ಶಾಖೆಗೆ ಹೋಗಿ, ಕೌಂಟರ್ ಫಾಯಿಲ್ ಮತ್ತು ಫೋಟೊ ತೋರಿಸಿ, ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಚೆಕ್ ಸಂಖ್ಯೆ, ಕಟ್ಟಿದ ದಿನಾಂಕ, ಬಿದ್ದ ಮೊತ್ತ, ಬೀಳಬೇಕಿದ್ದ ಮೊತ್ತ ಇಷ್ಟಿದ್ದರೆ ಸಾಕು. ಆ ಕೊನೆಯ ಎರಡು ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ.